ಫ್ಲಾಟ್, ಐಸೊಮೆಟ್ರಿಕ್, ಜಲವರ್ಣ: ಯಾವ ಕೆಲಸಕ್ಕೆ ಯಾವ ಪದ?

ಚಿತ್ರಕಾರರಿಗೆ ಕೆಲಸ ವಿವರಿಸುವಾಗ ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ಆರಿಸುತ್ತೇವೆ. ಆದರೆ ಫ್ಲಾಟ್ ಎಂಬುದು ನೆರಳು, ಹೊಳಪಿಲ್ಲದೆ ಬಣ್ಣ ತುಂಬುವ ರೀತಿ, ಐಸೊಮೆಟ್ರಿಕ್ ನೋಡುವ ಕೋನ, ಜಲವರ್ಣ ಮಾಧ್ಯಮ. ಹಾಗಾಗಿ ಬರೀ ‘ಐಸೊಮೆಟ್ರಿಕ್ ಬೇಕು’ ಎಂದರೆ ನೆರಳು, ಹೊಳಪು ತುಂಬಿದ ತ್ರಿಡಿ ಚಿತ್ರ ಬಂದರೂ ದೂರುವಂತಿಲ್ಲ.

ಪಾರ್ಸೆಲ್ ತಲುಪಿಸುವ ಒಂದು ಆ್ಯಪ್ ಇದೆ ಎನ್ನಿ. ಅದರ ಗುಂಡಿಗಳ ಪಕ್ಕದ 24 ಪಿಕ್ಸೆಲ್ ಗುರುತಿಗೆ ಫ್ಲಾಟ್ ವೆಕ್ಟರ್ ಬಿಟ್ಟು ಬೇರೆ ಯೋಚನೆಯೇ ಬೇಡ. ವೆಕ್ಟರ್ ಎಂದರೆ ಪಿಕ್ಸೆಲ್‌ಗಳ ಬದಲು ಗೆರೆ, ಆಕಾರಗಳಾಗಿ ಉಳಿಸಿದ ಚಿತ್ರ. ಅದೇ ಕಡತ ದೊಡ್ಡ ಫಲಕಕ್ಕೂ ಮಸುಕಾಗದೆ ಹಿಗ್ಗುತ್ತದೆ.

ಗೋದಾಮಿನಿಂದ ಮನೆಬಾಗಿಲವರೆಗಿನ ದಾರಿ ತೋರಿಸಲು ಐಸೊಮೆಟ್ರಿಕ್ ಮೇಲು. ಅಡ್ಡಗೆರೆಗಳು 30 ಡಿಗ್ರಿ ಓರೆಯಾಗಿರುತ್ತವೆ, ದೂರದ ವಸ್ತು ಕಿರಿದಾಗುವುದಿಲ್ಲ. ಆದ್ದರಿಂದ ಕೊನೆಯ ಮನೆಯೂ ಮೊದಲ ಲಾರಿಯಷ್ಟೇ ಸ್ಪಷ್ಟ. ಆದರೆ ಮುಖಭಾವ ಇಲ್ಲಿ ಸೋಲುತ್ತದೆ. ಮೇಲಿನಿಂದ ನೋಡಿದಾಗ ಕಾಣುವುದು ತಲೆಕೂದಲೇ! ವಿವರಣೆಯಲ್ಲಿ ‘ಐಸೊಮೆಟ್ರಿಕ್, ಪ್ರತಿ ವಸ್ತುವಿಗೆ ಮೂರು ಛಾಯೆ, ಬೆಳಕು ಎಡದಿಂದ, ಗ್ರೇಡಿಯಂಟ್ ಬೇಡ’ ಎಂದು ಬರೆಯಿರಿ. ಗ್ರೇಡಿಯಂಟ್ ಎಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವುದು. ಬೆಳಕಿನ ದಿಕ್ಕು ಹೇಳದಿದ್ದರೆ, ಬೇರೆ ಬೇರೆ ದಿನ ಬರೆದ ಕಟ್ಟಡಗಳು ಪಕ್ಕಪಕ್ಕ ಇಟ್ಟಾಗ ಹೊಂದುವುದಿಲ್ಲ.

ಗ್ರಾಹಕರಿಗೆ ಕಳಿಸುವ ಶುಭಾಶಯ ಪತ್ರಕ್ಕೆ ಜಲವರ್ಣ ಚೆನ್ನ. ತೊಡಕು ಗಾತ್ರದ್ದು: A4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿ A2ಗೆ ಹಿಗ್ಗಿಸಿದರೆ ಉಳಿಯುವುದು 150. ಬಿಳಿ ಹಿನ್ನೆಲೆ ತೆಗೆಯುವಾಗ ತೆಳು ಬಣ್ಣದ ಅಂಚೂ ಹೋಗಿಬಿಡುತ್ತದೆ. ಅಂತಿಮ ಅಳತೆಯನ್ನು ಕುಂಚ ಮುಟ್ಟುವ ಮೊದಲೇ ತಿಳಿಸಿ.