ಎಂಬ್ರಿಯೋ ಟ್ರಾನ್ಸ್‌ಫರ್‌ಗೆ ತಯಾರಿ: ಮಾತ್ರೆಯ ಸೈಕಲ್ಲೋ, ನ್ಯಾಚುರಲ್ ಸೈಕಲ್ಲೋ?

ಫ್ರೀಜ್ ಮಾಡಿಟ್ಟ ಎಂಬ್ರಿಯೋವನ್ನು ಒಳಗೆ ಬಿಡುವ ಮುಂಚೆ ಗರ್ಭಕೋಶದ ಒಳಪದರ ದಪ್ಪಗಾಗಬೇಕು. ಇದಕ್ಕೆ ಎರಡು ದಾರಿ. ಒಂದರಲ್ಲಿ ಈಸ್ಟ್ರೋಜನ್ ಮಾತ್ರೆ ಕೊಟ್ಟು ಪದರ ಬೆಳೆಸುತ್ತಾರೆ. ಎಚ್‌ಆರ್‌ಟಿ ಸೈಕಲ್ ಅನ್ನುವುದು ಇದನ್ನೇ. ಇನ್ನೊಂದರಲ್ಲಿ ನಮ್ಮ ಅಂಡಾಶಯವೇ ಮಾಡುವ ಹಾರ್ಮೋನಿನಲ್ಲಿ ಪದರ ಬೆಳೆಯಲು ಬಿಟ್ಟು, ಅಂಡ ಬಿಡುಗಡೆಯಾಗುವ ಹೊತ್ತನ್ನು ಸ್ಕ್ಯಾನ್‌ನಲ್ಲಿ ಹಿಡಿಯುತ್ತಾರೆ. ನಾನು ಎರಡನ್ನೂ ಮಾಡಿಸಿಕೊಂಡಿದ್ದೇನೆ. ನನಗೆ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತದೆ, ಆದರೆ ಲೈನಿಂಗ್ ತೆಳು. ಇದೇ ಪರಿಸ್ಥಿತಿಯವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಸಿಕ್ಕಿದ್ದು ಎಚ್‌ಆರ್‌ಟಿ. ಬಹಳ ಕಡೆ ಇದನ್ನೇ ಮೊದಲು ಹೇಳುತ್ತಾರೆ, ಯಾಕೆಂದರೆ ದಿನಾಂಕ ಅವರ ಕೈಯಲ್ಲಿರುತ್ತದೆ. ಮುಟ್ಟಿನ ಎರಡನೇ ಅಥವಾ ಮೂರನೇ ದಿನದಿಂದ ಎಸ್ಟ್ರಡೈಯಾಲ್ ವ್ಯಾಲರೇಟ್ 2 ಮಿ.ಗ್ರಾಂ ಮಾತ್ರೆ, ಸಾಮಾನ್ಯವಾಗಿ ದಿನಕ್ಕೆ ಮೂರು. ಹತ್ತು ಹನ್ನೆರಡು ದಿನ ಆದ ಮೇಲೆ ಸ್ಕ್ಯಾನ್. ಪದರ 7 ಮಿ.ಮೀ. ದಾಟಿದ್ದರೆ, ಎಂಬ್ರಿಯೋ ಹಿಡಿಯಲು ಪದರವನ್ನು ಸಿದ್ಧ ಮಾಡುವ ಹಾರ್ಮೋನ್ ಪ್ರೊಜೆಸ್ಟರಾನ್ ಶುರು. ದಿನ 5ರ ಎಂಬ್ರಿಯೋ, ಅಂದರೆ ಬ್ಲಾಸ್ಟೊಸಿಸ್ಟ್ ಆದರೆ, ಪ್ರೊಜೆಸ್ಟರಾನ್ ಶುರುವಾದ ಆರನೇ ದಿನ ಟ್ರಾನ್ಸ್‌ಫರ್. ಸ್ಕ್ಯಾನ್ ಕಡಿಮೆ, ಆಫೀಸಿಗೆ ರಜೆ ಮುಂಚೆಯೇ ಹಾಕಬಹುದು. ಇದು ನಿಜವಾಗಲೂ ಅನುಕೂಲ.

ನನ್ನ ಪದರ ಮಾತ್ರ 6.1ಕ್ಕೆ ನಿಂತುಬಿಟ್ಟಿತು. ಮಾತ್ರೆ ಜಾಸ್ತಿ ಮಾಡಿದರು. ಬಾಯಿಗೆ ತೆಗೆದುಕೊಳ್ಳುವುದರ ಜೊತೆ ಯೋನಿಯೊಳಗೂ ಇಡಲು ಹೇಳಿದರು. ಇನ್ನೊಂದು ವಾರ ಕಾದೆವು. ಅಳತೆ ಕದಲಲಿಲ್ಲ. ವಾಕರಿಕೆ, ತಲೆನೋವು, ಸ್ತನಗಳ ಬಿಗಿತ ಮಾತ್ರ ಹೆಚ್ಚಾದವು. ಕೊನೆಗೆ ಸೈಕಲ್ ನಿಲ್ಲಿಸಿದರು. ಎಂಬ್ರಿಯೋವನ್ನು ಫ್ರೀಜ್‌ನಿಂದ ಹೊರಗೆ ತೆಗೆದಿರಲಿಲ್ಲ, ಅದೊಂದು ಸಮಾಧಾನ.

ಇಲ್ಲಿ ಆ ಅಳತೆಯ ಬಗ್ಗೆ ಸ್ವಲ್ಪ ಹೇಳಬೇಕು. ಸ್ಕ್ಯಾನ್ ಪರದೆಯಲ್ಲಿ ಗರ್ಭಕೋಶವನ್ನು ಉದ್ದಕ್ಕೆ ಹಿಡಿದು, ಪದರ ಅತಿ ದಪ್ಪ ಇರುವ ಕಡೆ ಈ ಅಂಚಿನಿಂದ ಆ ಅಂಚಿಗೆ ಎರಡು ಗುರುತು ಹಾಕುತ್ತಾರೆ. ಗುರುತು ಒಂಚೂರು ಅತ್ತಿತ್ತ ಆದರೂ ಅರ್ಧ ಮಿ.ಮೀ. ವ್ಯತ್ಯಾಸ ಬಂದುಬಿಡುತ್ತದೆ. ಹಾಗಾಗಿ ಒಬ್ಬರ ಕೈಯಲ್ಲಿ 6.8, ಇನ್ನೊಬ್ಬರ ಕೈಯಲ್ಲಿ 7.2 ಬಂದರೆ ಪದರ ಬೆಳೆಯಿತು ಅಂತ ಹೇಳಲಾಗದು. ದಪ್ಪದ ಜೊತೆ ರೂಪವನ್ನೂ ನೋಡುತ್ತಾರೆ. ಮೂರು ಬಿಳಿ ಗೆರೆ, ನಡುವೆ ಎರಡು ಕಪ್ಪು ಪಟ್ಟಿ ಕಂಡರೆ ಅದು ಟ್ರಿಪಲ್ ಲೈನ್. ಪ್ರೊಜೆಸ್ಟರಾನ್ ಶುರುವಾಗುವ ಮುಂಚೆ ಇದು ಇರಬೇಕು. ಆಗಲೇ ಪದರ ಪೂರ್ತಿ ಬೆಳ್ಳಗೆ ಕಂಡರೆ, ಒಳಗೆ ಎಲ್ಲೋ ಅಂಡ ಬಿಡುಗಡೆಯಾಗಿ ಪ್ರೊಜೆಸ್ಟರಾನ್ ಬಂದುಬಿಟ್ಟಿದೆಯೇನೋ ಅಂತ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಕೆಲವರಿಗೆ ಹೀಗಾಗುವುದುಂಟು.

ಮಾತ್ರೆ ಎಷ್ಟು ಕೊಟ್ಟರೂ ಪದರ ಬೆಳೆಯದಿದ್ದರೆ ಮಾತ್ರೆಯನ್ನೇ ಏರಿಸುತ್ತಾ ಹೋಗುವುದಕ್ಕಿಂತ ಕಾರಣ ಹುಡುಕುವುದು ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗರ್ಭಪಾತ ಆದಾಗ ನನಗೆ ಡಿ ಅಂಡ್ ಸಿ ಮಾಡಿದ್ದರು. ಆಮೇಲಿಂದ ಮುಟ್ಟಿನಲ್ಲಿ ರಕ್ತ ಕಡಿಮೆಯಾಗಿತ್ತು. ಇದನ್ನು ಹೇಳಿದ ತಕ್ಷಣ ಎರಡನೇ ಡಾಕ್ಟರ್, "ಮಾತ್ರೆ ಆಮೇಲೆ ನೋಡೋಣಮ್ಮ, ಮೊದಲು ಒಳಗೆ ಕ್ಯಾಮೆರಾ ಹಾಕಿ ನೋಡ್ತೀನಿ" ಅಂದರು. ಹಿಸ್ಟರೋಸ್ಕೋಪಿಯಲ್ಲಿ ಒಂದು ಮೂಲೆಯಲ್ಲಿ ತೆಳ್ಳನೆಯ ಅಂಟುಗಳು ಕಂಡವು. ಬಿಡಿಸಿದರು. ಪದರದ ಚೂರನ್ನು ಟಿಬಿ ಪರೀಕ್ಷೆಗೂ ಕಳಿಸಿದರು. ನಮ್ಮ ದೇಶದಲ್ಲಿ ಗರ್ಭಕೋಶದ ಟಿಬಿ ಕೆಮ್ಮು ಜ್ವರ ಏನೂ ಇಲ್ಲದೆ ಇರಬಹುದು, ಪದರವನ್ನು ಸದ್ದಿಲ್ಲದೆ ಹಾಳು ಮಾಡಬಹುದು. ನನಗೆ ಅದು ಇರಲಿಲ್ಲ.

ಅಂಟು ಬಿಡಿಸಿದ ಮೇಲೂ ಮತ್ತೆ ಮಾತ್ರೆಯಲ್ಲೇ ನೋಡಿದೆವು. ಈ ಸಲ 6.6, ಟ್ರಿಪಲ್ ಲೈನ್ ಇತ್ತು. ಡಾಕ್ಟರ್ ಜೊತೆ ಕೂತು ಮಾತಾಡಿ ಟ್ರಾನ್ಸ್‌ಫರ್ ಮಾಡಿಸಿಕೊಂಡೆ. ನಿಲ್ಲಲಿಲ್ಲ. 7 ಮಿ.ಮೀ. ಅನ್ನುವುದು ದಾಟಲೇಬೇಕಾದ ಗೆರೆಯಲ್ಲ. ಅದಕ್ಕಿಂತ ತೆಳುವಿದ್ದರೂ ಗರ್ಭ ನಿಂತಿರುವುದುಂಟು, ಸಾಧ್ಯತೆ ಕಡಿಮೆ ಅಷ್ಟೇ.

ಆಮೇಲೆ ನ್ಯಾಚುರಲ್ ಸೈಕಲ್. ಇದರಲ್ಲಿ ಮಾತ್ರೆ ಇಲ್ಲ, ಓಡಾಟ ಜಾಸ್ತಿ. ಹತ್ತನೇ ದಿನದ ಆಸುಪಾಸಿನಿಂದ ಒಂದೆರಡು ದಿನಕ್ಕೊಮ್ಮೆ ಸ್ಕ್ಯಾನ್. ಭಾನುವಾರ ಬಂದರೂ ಹೋಗಲೇಬೇಕು. ಅಂಡ ಬೆಳೆಯುವ ಚೀಲ ಅಂದರೆ ಫಾಲಿಕಲ್ 17-18 ಮಿ.ಮೀ. ಆಗುವ ಹೊತ್ತಿಗೆ, ಅಂಡ ಬಿಡುಗಡೆ ಮಾಡಿಸುವ ಹಾರ್ಮೋನ್ ಎಲ್‌ಎಚ್ ಏರಿಲ್ಲದಿದ್ದರೆ ಅದರ ಬದಲು ಎಚ್‌ಸಿಜಿ ಟ್ರಿಗರ್ ಚುಚ್ಚುಮದ್ದು ಕೊಡುತ್ತಾರೆ. ಬ್ಲಾಸ್ಟೊಸಿಸ್ಟ್ ಆದರೆ ಸಾಮಾನ್ಯವಾಗಿ ಟ್ರಿಗರ್ ಆದ ಏಳನೇ ದಿನ ಟ್ರಾನ್ಸ್‌ಫರ್. ಎಲ್‌ಎಚ್ ತಾನಾಗೇ ಏರಿಬಿಟ್ಟಿದ್ದರೆ ಒಂದು ದಿನ ಕಡಿಮೆ, ಅಂದರೆ ಏರಿದ ಆರನೇ ದಿನ. ಈ ವಿಧಾನದಲ್ಲಿ ಎಡವುವುದು ಇಲ್ಲೇ. ಏರಿದ್ದು ಗೊತ್ತಾಗದೆ ಹೋದರೆ ಪದರದ ದಿನವೂ ಎಂಬ್ರಿಯೋದ ದಿನವೂ ಹೊಂದುವುದಿಲ್ಲ, ಆ ತಿಂಗಳು ಬಿಡಬೇಕಾಗುತ್ತದೆ.

ನನಗೆ ಟ್ರಿಗರ್ ದಿನ ಪದರ 7.4 ಇತ್ತು. ಅದೇ ಡಾಕ್ಟರ್, ಅದೇ ಮಷೀನು, ಅಂಟು ಬಿಡಿಸಿದ ಅದೇ ಗರ್ಭಕೋಶ. ಹಾಗಾಗಿ ಈ ವ್ಯತ್ಯಾಸವನ್ನು ನಾನು ನಂಬುತ್ತೇನೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಕೆಲವರಿಗೆ ಎರಡರಲ್ಲೂ ಒಂದೇ ಅಳತೆ ಬರುತ್ತದೆ. ಗರ್ಭ ನಿಂತಿತು, ಮಗಳು ಹುಟ್ಟಿದಳು. ಆದರೆ ಎರಡು ಸಲ ಬಿಟ್ಟಿದ್ದು ಬೇರೆ ಬೇರೆ ಎಂಬ್ರಿಯೋ ಅಲ್ವಾ? ಗೆದ್ದಿದ್ದು ವಿಧಾನವೋ ಎಂಬ್ರಿಯೋನೋ ಅಂತ ನನ್ನೊಬ್ಬಳ ಕಥೆಯಿಂದ ತೀರ್ಮಾನಿಸಬೇಡಿ.

ಟ್ರಾನ್ಸ್‌ಫರ್ ಆದ ಮೇಲಿನ ವ್ಯತ್ಯಾಸದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ನ್ಯಾಚುರಲ್‌ನಲ್ಲಿ ಅಂಡ ಹೊರಬಂದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಉಳಿದು ಪ್ರೊಜೆಸ್ಟರಾನ್ ಮಾಡುತ್ತದೆ. ಡಾಕ್ಟರ್ ಬರೆಯುವ ಪ್ರೊಜೆಸ್ಟರಾನ್ ಅದಕ್ಕೊಂದು ಬೆಂಬಲ. ಎಚ್‌ಆರ್‌ಟಿಯಲ್ಲಿ ಅದು ಇಲ್ಲವೇ ಇಲ್ಲ. ಆದ್ದರಿಂದ ಗರ್ಭ ನಿಂತ ಮೇಲೂ, ಮಾಸು ಅಂದರೆ ಪ್ಲಾಸೆಂಟಾ ತಾನೇ ಹಾರ್ಮೋನ್ ಮಾಡುವವರೆಗೆ, ಗರ್ಭಕ್ಕೆ ಸುಮಾರು 10-12 ವಾರ ತುಂಬುವ ತನಕ ಎರಡೂ ಹಾರ್ಮೋನ್ ತಪ್ಪದೆ ತೆಗೆದುಕೊಳ್ಳಬೇಕು. ಊರಿಗೆ ಹೋದಾಗ ಮಾತ್ರೆ ಮುಗಿಯಿತು ಅಂತ ಬಿಡುವ ಹಾಗಿಲ್ಲ. ಗರ್ಭಿಣಿಯರಲ್ಲಿ ಬಿಪಿ ಏರುವ ತೊಂದರೆಯೂ ಎಚ್‌ಆರ್‌ಟಿ ಸೈಕಲ್‌ನಲ್ಲಿ ಹೆಚ್ಚು ಕಂಡುಬಂದಿದೆ. ಕಾರ್ಪಸ್ ಲೂಟಿಯಂ ಇಲ್ಲದಿರುವುದೇ ಕಾರಣ ಇರಬಹುದು ಅನ್ನುತ್ತಾರೆ. ನನ್ನ ಅಮ್ಮನಿಗೆ ಬಿಪಿ ಇದೆ, ಹಾಗಾಗಿ ನನಗೆ ಇದು ದೊಡ್ಡ ವಿಷಯ.

ತೆಳು ಪದರಕ್ಕೆ ಅಂತ ಸಿಲ್ಡೆನಾಫಿಲ್ ಔಷಧಿ, ನಮ್ಮದೇ ರಕ್ತದಿಂದ ತೆಗೆದು ಗರ್ಭಕೋಶಕ್ಕೆ ಬಿಡುವ ಪಿಆರ್‌ಪಿ, ಜಿಸಿಎಸ್‌ಎಫ್ ಅನ್ನುವ ಇನ್ನೊಂದು ಔಷಧಿ ಎಲ್ಲ ಹೇಳುತ್ತಾರೆ. ಯಾವುದಕ್ಕೂ ಗಟ್ಟಿ ಪುರಾವೆ ಇಲ್ಲ, ಪಿಆರ್‌ಪಿಗೆ ಖರ್ಚೂ ಜಾಸ್ತಿ. ಹಿಸ್ಟರೋಸ್ಕೋಪಿ ಆಗದೆ ಅವಕ್ಕೆ ದುಡ್ಡು ಹಾಕಬೇಡಿ.

ಮುಟ್ಟು ಸರಿಯಾಗಿ ಬರುವವರು ಮೊದಲು ನ್ಯಾಚುರಲ್ ಕೇಳಿ. ಪಿಸಿಓಡಿ ಇದ್ದು ಅಂಡ ಬಿಡುಗಡೆಯಾಗದವರಿಗೆ, ದೂರದ ಊರಿಂದ ಬರುವವರಿಗೆ ಎಚ್‌ಆರ್‌ಟಿಯೇ ಸರಿಹೋಗಬಹುದು. ಪಿಸಿಓಡಿ ಇದ್ದೂ ಮಾತ್ರೆಯಲ್ಲಿ ಪದರ ಬೆಳೆಯದವರು ಲೆಟ್ರೊಜೋಲ್ ಕೊಟ್ಟು ಅಂಡ ಬೆಳೆಸುವ ಸೈಕಲ್ ಬಗ್ಗೆ ವಿಚಾರಿಸಿ. ಕ್ಲೋಮಿಫೀನ್ ಬೇಡ, ಅದು ಪದರವನ್ನು ಇನ್ನಷ್ಟು ತೆಳು ಮಾಡಬಹುದು. ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರುವವರು ಈಸ್ಟ್ರೋಜನ್ ಮಾತ್ರೆ ಶುರು ಮಾಡುವ ಮುಂಚೆಯೇ ಅದನ್ನು ಡಾಕ್ಟರಿಗೆ ಹೇಳಿ.