ಸ್ಲೈಡ್ ಓದಿಸೋದಾ, ಒಂದೇ ಕೆಲಸ ಹೇಳೋದಾ?

ಬೆಂಗಳೂರಿನ ಆಫೀಸಲ್ಲಿ ಮಾಡಿದ ಮೆಕ್ಕೆಜೋಳದ ಸೈನಿಕ ಹುಳುವಿನ ಸ್ಲೈಡ್‌ಗಳನ್ನು ರೈತರಿಗೆ ವಾಯ್ಸ್ ಮೆಸೇಜ್ ಮಾಡಬೇಕು ಅಂದ್ಕೊಳ್ಳಿ.

ಎಲ್ಲಾ ಸ್ಲೈಡ್‌ಗಳ ಸಾರಾಂಶ ಓದಿಸಿದರೆ ಏನೂ ಬಿಟ್ಟುಹೋಗುವುದಿಲ್ಲ, ಸರಿ, ಆದರೆ ಹುಳುವಿನ ಜೀವನಚಕ್ರದ ಸ್ಲೈಡ್ ಮುಗಿಯುವಷ್ಟರಲ್ಲಿ ಕೇಳುವವರು ಫೋನ್ ಇಟ್ಟಿರುತ್ತಾರೆ. ಅಂಥ ಪೂರ್ತಿ ಸಾರಾಂಶ ಊರಿನ ಸಭೆಗೆ ಸರಿ.

ನಾನಾದರೆ ಒಂದೇ ಕೆಲಸ ಹೇಳುತ್ತೇನೆ: "ಸುಳಿ ಬಿಡಿಸಿ ನೋಡಿ. ಮರದ ಹೊಟ್ಟಿನಂಥ ಹಿಕ್ಕೆ ಇದ್ದರೆ ಹುಳು ಒಳಗಿದೆ. ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, 15 ಲೀಟರ್ ಕ್ಯಾನಿಗೆ 6 ಗ್ರಾಂ. ಸಂಜೆ ಹೊತ್ತು, ಸುಳಿಯೊಳಗೇ ಬೀಳುವಂತೆ ಹೊಡೆಯಿರಿ."

ಸ್ಲೈಡಿನಲ್ಲಿ ಇದ್ದದ್ದು "ಲೀಟರಿಗೆ 0.4 ಗ್ರಾಂ". ಕಿವಿಗೆ ಬಿದ್ದ ದಶಮಾಂಶ ನೆನಪಿರುವುದಿಲ್ಲ, "ಸೊನ್ನೆ ಪಾಯಿಂಟ್" ತಪ್ಪಿದರೆ 4 ಗ್ರಾಂ, ಅಂದರೆ ಹತ್ತು ಪಟ್ಟು ಜಾಸ್ತಿ! ಕ್ಯಾನಿನ ಅಳತೆ ಬೇರೆಯಾದರೆ ಲೆಕ್ಕವೂ ಬೇರೆ, ಹಾಗಾಗಿ ಆ ಊರಲ್ಲಿ ಯಾವ ಕ್ಯಾನ್ ಬಳಸುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಔಷಧಿ ಹೆಸರನ್ನು ಎರಡು ಸಲ, ನಿಧಾನವಾಗಿ ಹೇಳಿಸಿ.