ಬಾಟಲಿ ಫೋಟೋದಲ್ಲಿ ಲೇಬಲ್ ಬದಲಿಸಿಕೊಡ್ತೀನಿ ಅನ್ನುವವರಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ಲೇಬಲ್ ಡಿಸೈನ್ ಮಾಡುವವರು, ಮನೆಯಲ್ಲೇ ಉಪ್ಪಿನಕಾಯಿ, ಶರಬತ್ತು, ಎಣ್ಣೆ ಮಾಡಿ ಮಾರುವವರು ದಯವಿಟ್ಟು ಪೂರ್ತಿ ಓದಿ. ಫೋಟೋದಲ್ಲಿರುವ ಬಾಟಲಿಗೆ ಹೊಸ ಲೇಬಲ್ ಕೂರಿಸಿಕೊಡ್ತೀನಿ ಅಂತ ಒಬ್ಬ ನನ್ನಿಂದ ಅಡ್ವಾನ್ಸ್ ತಗೊಂಡ. ಕೊಟ್ಟ ಕೆಲಸ ನೋಡಿ ನನ್ನ ಗಿರಾಕಿಯ ಮುಂದೆ ತಲೆ ತಗ್ಗಿಸಬೇಕಾಯಿತು. ಕೆಲಸ ಕೆಟ್ಟಿದ್ದಕ್ಕಿಂತ ಅವನು ಕೊಟ್ಟ ಉತ್ತರಗಳಿಗೇ ನನಗೆ ಜಾಸ್ತಿ ಸಿಟ್ಟು.

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನನ್ನದು ಸಣ್ಣ ಡಿಸೈನ್ ಅಂಗಡಿ. ಡೊಂಬಿವಲಿಯ ಅಕ್ಕ ಒಬ್ಬರು ಪುನರ್ಪುಳಿ ಶರಬತ್ತು ಮಾಡಿ ಮಾರುತ್ತಾರೆ, ಕರಾವಳಿ ಕಡೆಯವರು. ಅವರ ಹಳೆ ಲೇಬಲ್ ತೆಗೆದು ಹೊಸದನ್ನು ನಾನೇ ಮಾಡಿಕೊಟ್ಟಿದ್ದೆ. ಮೇಲೆ ದೊಡ್ಡದಾಗಿ ಮರಾಠಿಯಲ್ಲಿ ಹೆಸರು, ಕೆಳಗೆ ಇಂಗ್ಲಿಷ್. ಲೇಬಲ್ ಇನ್ನೂ ಪ್ರೆಸ್‌ನಲ್ಲಿತ್ತು, ಅಂಗಡಿಯವರು ಮಾತ್ರ ಫೋಟೋ ಈಗಲೇ ಬೇಕು ಅಂತ ಕೂತಿದ್ದರು. ಹಳೆ ಲೇಬಲ್ ಇದ್ದ ಒಳ್ಳೆ ಫೋಟೋ ಇತ್ತು. ಅದರಲ್ಲೇ ಲೇಬಲ್ ಬದಲಿಸಿದರೆ ಸಾಕು. ಇದು ಈ ಧಂದೆಯಲ್ಲಿ ದಿನಾ ನಡೆಯುವ ಕೆಲಸ, ನಿಮಗೂ ಗೊತ್ತು. ಬೇಸಿಗೆ ಸೀಸನ್‌ನಲ್ಲಿ ನನ್ನ ಕೈ ತುಂಬ ಕೆಲಸ ಇತ್ತು. ಅದಕ್ಕೇ ಹೊರಗೆ ಕೊಟ್ಟೆ. ಮುಂಬೈ ಕನ್ನಡಿಗರ ಒಂದು ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದವನು, ಇರುವುದು ಪುಣೆಯಲ್ಲಿ. ನಮ್ಮವನು, ಕನ್ನಡದಲ್ಲೇ ಮಾತಾಡುತ್ತಾನೆ, "ಅಣ್ಣಾ ಅಣ್ಣಾ" ಅನ್ನುತ್ತಾನೆ. ₹3,500 ಅಂತ ಮಾತಾಯಿತು. ಅರ್ಧ ಮೊದಲೇ ಕೊಟ್ಟೆ.

ಏನೇನು ಕೊಟ್ಟಿದ್ದೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅವನು "ಮಾಹಿತಿ ಸರಿಯಾಗಿ ಕೊಟ್ಟಿರಲಿಲ್ಲ" ಅಂದ. ಬಾಟಲಿಯ ಅಡ್ಡಳತೆ 7 ಸೆಂ.ಮೀ., ಅಂದರೆ ಸುತ್ತಳತೆ 22 ಸೆಂ.ಮೀ. ಲೇಬಲ್ 15 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ಫೋಟೋ ತೆಗೆದದ್ದು ಸುಮಾರು 70 ಸೆಂ.ಮೀ. ದೂರದಿಂದ, ಕ್ಯಾಮೆರಾ ಬಗ್ಗಿಸದೆ, ಲೆನ್ಸ್ ಲೇಬಲ್‌ನ ಮೇಲಂಚಿಗಿಂತ 5 ಸೆಂ.ಮೀ. ಮೇಲಿತ್ತು. ಇಷ್ಟನ್ನೂ ಬರೆದು ಕಳಿಸಿದ್ದೆ. ಇಷ್ಟು ಯಾರು ಕೊಡುತ್ತಾರೆ ಹೇಳಿ?

ಫೋಟೋ ಬಂತು. ನಾನು ಹೊರಗಡೆ ಇದ್ದೆ, ಮೊಬೈಲ್‌ನಲ್ಲಿ ಚಿಕ್ಕದಾಗಿ ಕಂಡಿತು. ಅವನು ಅಕ್ಕನಿಗೂ ನೇರವಾಗಿ ಕಳಿಸಿಬಿಟ್ಟಿದ್ದ, ನನ್ನನ್ನು ಕೇಳದೆ. ನಾನು ಅಂಗಡಿಗೆ ಬಂದು ದೊಡ್ಡ ಪರದೆಯಲ್ಲಿ ತೆರೆಯುವ ಮೊದಲೇ ಅಕ್ಕನ ಫೋನ್. "ಅಲ್ಲ, ನಮ್ಮ ಹೆಸರು ಯಾಕೆ ಇಷ್ಟು ಸಣಕಲಾಗಿದೆ? ಮತ್ತೆ ಆ ಲೈಸೆನ್ಸ್ ನಂಬರ್ ಎದುರಿಗೆ ಯಾಕೆ ಬಂತು? ಅದು ಪಕ್ಕದಲ್ಲಿ ಅಲ್ವಾ ಇರಬೇಕು?"

ನೋಡಿದೆ. ಅಕ್ಕ ಹೇಳಿದ್ದು ಅಕ್ಷರಶಃ ನಿಜ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಬೆಲೆ ಬರೆಯುವ ಡಬ್ಬಿ, ಎರಡೂ ಬಾಟಲಿಯ ಎದುರಿಗೇ ಕೂತಿದ್ದವು. 15 ಸೆಂ.ಮೀ. ಲೇಬಲ್ಲನ್ನು ಪೂರ್ತಿಯಾಗಿ ಹಿಂಡಿ, ಕಾಣುವ 7 ಸೆಂ.ಮೀ. ಅಗಲದಲ್ಲಿ ತುರುಕಿದ್ದಾನೆ! ಎದುರಿನಿಂದ ನೋಡಿದಾಗ ಬಾಟಲಿಯ ಅರ್ಧ ಸುತ್ತು ಕಾಣುತ್ತದೆ, ಅಂದರೆ ಹೆಚ್ಚೆಂದರೆ 11 ಸೆಂ.ಮೀ. ಕ್ಯಾಮೆರಾ 70 ಸೆಂ.ಮೀ. ದೂರದಲ್ಲೇ ಇರುವುದರಿಂದ ಅದಕ್ಕಿಂತ ಸ್ವಲ್ಪ ಕಡಿಮೆ, ಹತ್ತೂವರೆ. ಉಳಿದ ಲೇಬಲ್ ಬಾಟಲಿಯ ಹಿಂದಕ್ಕೆ ಹೋಗಿರಬೇಕು. ಅದು ಫೋಟೋದಲ್ಲಿ ಕಾಣಲೇಬಾರದು.

ಅಕ್ಷರ ಸಣಕಲಾದದ್ದೂ ಇದರಿಂದಲೇ. ದುಂಡಗಿನ ಮೈಮೇಲೆ ಲೇಬಲ್ ಎಲ್ಲ ಕಡೆ ಒಂದೇ ಥರ ಕಿರಿದಾಗುವುದಿಲ್ಲ. ನಮ್ಮ ಕಡೆ ಮುಖ ಮಾಡಿರುವ ನಡುಭಾಗ ಹೆಚ್ಚುಕಡಿಮೆ ಪೂರ್ತಿ ಅಗಲದಲ್ಲೇ ಇರುತ್ತದೆ. ಅಂಚಿಗೆ ಹೋದಂತೆ ಮೈ ತಿರುಗುತ್ತದೆ, ಅಕ್ಷರ ಕಿರಿದಾಗುತ್ತದೆ. ಈ ಬಾಟಲಿಯಲ್ಲಿ ನಡುವಿನಿಂದ ಮೂರೂಮುಕ್ಕಾಲು ಸೆಂ.ಮೀ. ಹತ್ತಿರದ ಅಕ್ಷರ ಅರ್ಧ ಅಗಲದಲ್ಲಿ ಕಾಣಬೇಕು. ಅಕ್ಕನ ಹೆಸರು ಲೇಬಲ್ ಮೇಲೆ 8 ಸೆಂ.ಮೀ. ಇದೆ. ಸರಿಯಾಗಿ ಸುತ್ತಿದರೆ ಸುಮಾರು 6.4 ಸೆಂ.ಮೀ. ಕಾಣುತ್ತದೆ. ಅವನ ಫೋಟೋದಲ್ಲಿ 3.7. ಎತ್ತರ ಮಾತ್ರ ಹಾಗೇ ಇದೆ. ಸಣಕಲಾಗದೆ ಇನ್ನೇನಾಗುತ್ತದೆ?

ಬರೆದೆ ಅವನಿಗೆ. ಉತ್ತರ: "ಅಣ್ಣಾ, ಪೂರ್ತಿ ಲೇಬಲ್ ಕಾಣಲಿ ಅಂತ ಹಾಗೆ ಮಾಡಿದ್ದು. ಗಿರಾಕಿಗಳಿಗೆ ಅದೇ ಇಷ್ಟ." ಯಾವ ಗಿರಾಕಿಗೆ? ನನ್ನ ಗಿರಾಕಿಯೇ ತಾನೇ ಮೊದಲು ಕೇಳಿದ್ದು?

ಸರಿ, ತಿದ್ದಿ ಕಳಿಸು ಅಂದೆ. ಕರ್ವ್ ಕೂಡ ಸರಿ ಮಾಡು ಅಂದೆ. ಯಾಕೆಂದರೆ ಲೇಬಲ್‌ನ ಮೇಲಂಚೂ ಕೆಳಂಚೂ ಒಂದೇ ಸಮ ಬಾಗಿದ್ದವು. ಅದು ಆಗದ ಮಾತು. ಬಳೆಯನ್ನು ಕಣ್ಣಿನ ನೇರಕ್ಕೆ ಅಡ್ಡ ಹಿಡಿದರೆ ಗೆರೆಯ ಹಾಗೆ ಕಾಣುತ್ತದೆ, ಕೆಳಗೆ ಇಳಿಸುತ್ತ ಹೋದರೆ ಮೊಟ್ಟೆಯಾಕಾರ ಅಗಲವಾಗುತ್ತ ಹೋಗುತ್ತದೆ. ಲೇಬಲ್‌ನ ಅಂಚೂ ಅಷ್ಟೇ. ಮೇಲಂಚು ಲೆನ್ಸ್‌ಗಿಂತ 5 ಸೆಂ.ಮೀ. ಕೆಳಗೆ, ಕೆಳಂಚು 15 ಸೆಂ.ಮೀ. ಕೆಳಗೆ. ಹಾಗಾಗಿ ಕೆಳಂಚಿನ ಬಾಗು ಮೇಲಂಚಿನ ಮೂರರಷ್ಟು ಇರಬೇಕು. ಲೆಕ್ಕ ಹಾಕಿದರೆ ಮೇಲೆ ಎರಡೂವರೆ ಮಿಲಿಮೀಟರ್, ಕೆಳಗೆ ಏಳೂವರೆ ಬರುತ್ತದೆ. ಲೆಕ್ಕವೇ ಬೇಡ, ಅದೇ ಫೋಟೋದಲ್ಲಿ ಬಾಟಲಿಯ ತಳ ಇದೆ, ಶರಬತ್ತಿನ ಮಟ್ಟದ ಗೆರೆ ಇದೆ. ಅವೆರಡರ ಬಾಗು ನೋಡಿಕೊಂಡು ನಡುವೆ ಲೇಬಲ್ ಕೂರಿಸಿದರೆ ಸಾಕು. ಕಣ್ಣಿದ್ದವರಿಗೆ ಸಾಕು.

ತಿದ್ದಿದ ಫೋಟೋ ಬಂತು. ಏನು ಮಾಡಿದ್ದಾನೆ ಗೊತ್ತಾ? ಫೋಟೋಶಾಪ್‌ನ Warp ಪಟ್ಟಿಯಲ್ಲಿ Arc ಅಂತ ಇದೆಯಲ್ಲ, ಅದರ Bend ಮಾತ್ರ ಎಳೆದಿದ್ದಾನೆ. Arc ಏನು ಮಾಡುತ್ತದೆ ಅಂದರೆ ಚಿತ್ರವನ್ನು ಬೀಸಣಿಗೆಯ ಥರ ಬಿಡಿಸುತ್ತದೆ, ನಿಂತ ಗೆರೆಗಳೂ ವಾಲುತ್ತವೆ. ಮರಾಠಿ ಅಕ್ಷರದಲ್ಲಿ ಇದು ತಕ್ಷಣ ಗೊತ್ತಾಗುತ್ತದೆ, ಅದರಲ್ಲಿ ನಿಂತ ಗೆರೆಗಳೇ ಜಾಸ್ತಿ. ಎರಡೂ ತುದಿಯ ಅಕ್ಷರಗಳ ತಲೆ ಒಳಕ್ಕೆ ವಾಲಿತ್ತು. ನೆಟ್ಟಗೆ ನಿಂತ ಬಾಟಲಿಯನ್ನು ಕ್ಯಾಮೆರಾ ಬಗ್ಗಿಸದೆ ತೆಗೆದಾಗ ನಿಂತ ಗೆರೆ ನಿಂತೇ ಇರಬೇಕು. ತಲೆಗೆರೆ ಮಾತ್ರ ಬಾಗಬೇಕು. Arch ಹಾಕಿದ್ದರೆ ಗೆರೆಗಳಾದರೂ ನೆಟ್ಟಗೆ ಉಳಿಯುತ್ತಿದ್ದವು, ಆದರೆ ಅದೂ ಅಂಚಿನ ಅಕ್ಷರವನ್ನು ಕಿರಿದು ಮಾಡುವುದಿಲ್ಲ. ಬಗ್ಗಿಸುವುದೇ ಬೇರೆ, ಸುತ್ತುವುದೇ ಬೇರೆ. ಅದಕ್ಕೆ ಅಂತಲೇ ಹೊಸ ಫೋಟೋಶಾಪ್‌ನಲ್ಲಿ Cylinder ಇದೆ, ಇಲ್ಲದಿದ್ದರೆ ಕೈಯಲ್ಲೇ ಜಾಲರಿ ಎಳೆದು ಮಾಡಬೇಕು. ಅವನು ಎರಡೂ ಮಾಡಿಲ್ಲ.

ಇಷ್ಟಾದರೂ ಅವನಿಗೆ ತಿಳಿಯಲಿ ಅಂತ ಲೇಬಲ್ಲನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಅದೇ ಬಾಟಲಿಗೆ ಅಂಟಿಸಿ, ಅದೇ ದೂರದಿಂದ, ಅದೇ ಎತ್ತರದಿಂದ ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕಳಿಸಿದೆ. ಎಲ್ಲ ಕಣ್ಣಿಗೆ ಕಾಣುವ ಹಾಗೆ ಇತ್ತು. ಉತ್ತರ ಏನು ಗೊತ್ತಾ? "ಮೊಬೈಲ್ ಲೆನ್ಸ್ ಬೇರೆ ಅಣ್ಣಾ, ಅದಕ್ಕೆ ಹಾಗೆ ಕಾಣ್ತಿದೆ." ಒಂದೇ ಜಾಗದಿಂದ ತೆಗೆದರೆ ಲೆನ್ಸ್ ಬದಲಾದ ಮಾತ್ರಕ್ಕೆ ಲೈಸೆನ್ಸ್ ನಂಬರ್ ಬಾಟಲಿಯ ಪಕ್ಕದಿಂದ ಎದುರಿಗೆ ಬರುತ್ತದಾ? ಅದನ್ನೇ ಕೇಳಿದೆ. ನೀಲಿ ಟಿಕ್ ಬಂತು. ಉತ್ತರ ಇಲ್ಲ.

ಆಮೇಲೆ ಬಂದ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. "ಇಷ್ಟು ಸೂಕ್ಷ್ಮ ಯಾರೂ ನೋಡಲ್ಲ ಅಣ್ಣಾ. ಶರಬತ್ತು ತಾನೇ." ಶರಬತ್ತು ತಾನೇ ಅಂತೆ. ಆ ಅಕ್ಕ ಸಾವಂತವಾಡಿ ಕಡೆಯಿಂದ ಹಣ್ಣು ತರಿಸಿ, ಸಿಪ್ಪೆ ಬಿಡಿಸಿ, ಸಕ್ಕರೆಯಲ್ಲಿ ನೆನೆಹಾಕಿ, ಬಾಟಲಿ ತೊಳೆದು ತುಂಬಿಸುತ್ತಾರೆ. ಮೊದಲು ನೋಡಿದ್ದೇ ಅವರು!

ನಿಜವಾಗಿ ಮೋಸ ಹೋದೆ ಅಂತ ಗೊತ್ತಾದದ್ದು ಅದಾದ ಮೇಲೆ. ಮೂರು ರುಚಿಯ ಶರಬತ್ತು ಇದೆ, ಹಾಗಾಗಿ ಲೇಬಲ್ Smart Object ಆಗಿ ಇರಬೇಕು, ಒಳಗೆ ಹೋಗಿ ಬದಲಿಸಿದರೆ ಹೊರಗೆ ತಾನೇ ಸುತ್ತಿಕೊಳ್ಳಬೇಕು ಅಂತ ಶುರುವಿನಲ್ಲೇ ಮಾತಾಗಿತ್ತು. "ಹೌದು ಅಣ್ಣಾ, ಪಿಎಸ್‌ಡಿ ಕೊಡ್ತೀನಿ" ಅಂತ ಬರೆದೂ ಕೊಟ್ಟಿದ್ದ. ಪಿಎಸ್‌ಡಿ, ಅಂದರೆ ಲೇಯರ್‌ಗಳು ಬೇರೆಬೇರೆಯಾಗಿಯೇ ಉಳಿಯುವ ಫೋಟೋಶಾಪ್ ಫೈಲ್, ಕೇಳಿದೆ. ಬಂತು. ತೆರೆದೆ. ಒಂದೇ ಲೇಯರ್. Background ಅಂತ ಒಂದೇ ಒಂದು ಲೇಯರ್! ಜೆಪಿಜಿಯನ್ನು ಪಿಎಸ್‌ಡಿ ಹೆಸರಿನಲ್ಲಿ ಉಳಿಸಿ ಕಳಿಸಿದ್ದಾನೆ. ದೊಡ್ಡದು ಮಾಡಿ ನೋಡಿದರೆ ಬಾಟಲಿಯ ಎಡಗಡೆ ಇದ್ದ ಬೆಳಕಿನ ಬಿಳಿ ಪಟ್ಟಿ ಲೇಬಲ್ ಶುರುವಾದಲ್ಲಿ ಕತ್ತರಿಸಿದಂತೆ ನಿಂತು, ಲೇಬಲ್ ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ಹಳೆ ಲೇಬಲ್‌ನ ಬಿಳಿ ಜಾಗದಿಂದ ಆ ನೆರಳು ಬೆಳಕು ಎತ್ತಿಕೊಂಡು ಹೊಸದರ ಮೇಲೆ Multiply, Screen ಲೇಯರ್‌ಗಳಾಗಿ ಹಾಕಬೇಕಿತ್ತು. ಅದನ್ನೂ ಮಾಡಿಲ್ಲ. ಸುಮ್ನೆ ಸ್ಟಿಕ್ಕರ್ ಅಂಟಿಸಿದ್ದಾನೆ.

ಫೋನ್ ಮಾಡಿದೆ. "ಲೇಯರ್ ಇರುವ ಫೈಲ್ ಬೇಕಂದ್ರೆ ₹2,000 ಎಕ್ಸ್‌ಟ್ರಾ ಆಗುತ್ತೆ, ಅದು ನನ್ನ ಟೆಂಪ್ಲೇಟ್" ಅಂದ. ಅವನೇ ಬರೆದಿದ್ದ ಮೆಸೇಜ್ ಓದಿ ಹೇಳಿದೆ. "ಅದು ಬೇರೆ ಅರ್ಥದಲ್ಲಿ ಹೇಳಿದ್ದು." ಆಮೇಲೆ ಗುಂಪಿನಲ್ಲಿ ಹಿರಿಯರೊಬ್ಬರ ಹತ್ತಿರ ನನ್ನ ಬಗ್ಗೆಯೇ ದೂರು, ನಾನು ಬಾಕಿ ಕೊಡುತ್ತಿಲ್ಲ ಅಂತ. ಬಾಕಿ ಕೊಡುವುದಿಲ್ಲ. ಅಡ್ವಾನ್ಸ್ ವಾಪಸ್ ಕೇಳಿದ್ದೇನೆ, ಇನ್ನೂ ಬಂದಿಲ್ಲ.

ಕೊನೆಗೆ ರಾತ್ರಿ ಕೂತು ನಾನೇ ಮಾಡಿ ಅಕ್ಕನಿಗೆ ಕಳಿಸಿದೆ. ಅವರು ಒಪ್ಪಿದರು. ಆದರೆ ಇನ್ನು ಮುಂದೆ ಯಾವ ಫೋಟೋ ಕಳಿಸಿದರೂ ಅವರು ಎರಡು ಸಲ ನೋಡುತ್ತಾರೆ. ಅದಕ್ಕೆ ಕಾರಣ ಅವನು.

ನೀವು ಇಂಥ ಕೆಲಸ ಹೊರಗೆ ಕೊಡುವುದಾದರೆ ಲೇಬಲ್ ಕೊಡುವ ಮೊದಲು 1 ಸೆಂ.ಮೀ. ಚೌಕಗಳ ಜಾಲರಿ ಕೊಡಿ, ನಿಮ್ಮ ಲೇಬಲ್ ಅಳತೆಯದೇ. ಅದನ್ನು ಬಾಟಲಿಗೆ ಸುತ್ತಿ ತೋರಿಸು ಅನ್ನಿ, ಆಮೇಲೆ ಅಡ್ವಾನ್ಸ್. ನಡುವಿನ ಗೆರೆಯಿಂದ ಹೊರಗೆ ಚೌಕಗಳನ್ನು ನೋಡುತ್ತ ಹೋಗಿ. 7 ಸೆಂ.ಮೀ. ಬಾಟಲಿಯಲ್ಲಿ ಮೊದಲನೆಯದು ಹೆಚ್ಚುಕಡಿಮೆ ಪೂರ್ತಿ ಇರುತ್ತದೆ, ಎರಡನೆಯದು 9 ಮಿ.ಮೀ., ಮೂರನೆಯದು ಏಳೂವರೆ, ನಾಲ್ಕನೆಯದು 5 ಚಿಲ್ಲರೆ, ಐದನೆಯದು 3 ಕೂಡ ಇಲ್ಲ. ಬಾಟಲಿ ದಪ್ಪ ಇದ್ದರೆ ಅಂಕಿ ಬದಲಾಗುತ್ತದೆ, ಕಿರಿದಾಗುತ್ತ ಹೋಗುವುದು ಬದಲಾಗುವುದಿಲ್ಲ. ಎಲ್ಲ ಚೌಕವೂ ಒಂದೇ ಅಗಲ ಇದ್ದರೆ ಅಲ್ಲೇ ಬಿಟ್ಟುಬಿಡಿ. ಪಿಎಸ್‌ಡಿ ತೆರೆದು ಲೇಯರ್ ನೋಡದೆ ಬಾಕಿ ಹಣ ಕಳಿಸಬೇಡಿ, ಅವನು ನಮ್ಮವನೇ ಆಗಿದ್ದರೂ. ಗಿರಾಕಿಯ ನಂಬರ್ ಅಂತೂ ಕೊಡಲೇಬೇಡಿ.

ಪುಣೆಯಲ್ಲಿ ಇದೇ ಥರ ಯಾರಿಗಾದರೂ ಆಗಿದ್ದರೆ ನನಗೆ ಮೆಸೇಜ್ ಮಾಡಿ. ಗುಂಪಿನ ಹಿರಿಯರಿಗೆ ಎರಡು ಫೋಟೋಗಳನ್ನೂ ಆ ಒಂದೇ ಲೇಯರ್‌ನ ಫೈಲನ್ನೂ ನಾನು ಆಗಲೇ ಕಳಿಸಿದ್ದೇನೆ.